ಭುಜ ನೋಡಿ ಶರ್ಟು ಕೊಳ್ಳಿ

ನನ್ನ ಅಕ್ಕನ ಮಗನಿಗೆ ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಒಂದು ಕಂಪನಿಯಿಂದ ಸಂದರ್ಶನಕ್ಕೆ ಕರೆ ಬಂದಾಗ ಉಳಿದಿದ್ದದ್ದು 11 ದಿನ. ಅವನದು ಕೆ.ಆರ್. ಪೇಟೆ ತಾಲ್ಲೂಕಿನ ಹಳ್ಳಿ. ಮನೆಯಲ್ಲಿದ್ದ ಒಳ್ಳೆಯ ಬಟ್ಟೆ ಅಂದರೆ ಅಣ್ಣನ ಮದುವೆಗೆ ತಗೊಂಡಿದ್ದ ಹೊಳೆಯುವ ಮರೂನ್ ಶರ್ಟು, ಕಾಲಿಗೆ ಅಂಟಿಕೊಂಡಂತಿರುವ ಜೀನ್ಸು, ಬಿಳಿ ಸ್ಪೋರ್ಟ್ಸ್ ಶೂ. "ಮೂರು ಸಾವಿರ ಇದೆ ಮಾವ, ಇಷ್ಟರಲ್ಲಿ ಆಗುತ್ತಾ?" ಅಂತ ಫೋನಿನಲ್ಲಿ ಕೇಳಿದ.

ಆಗುತ್ತದೆ. ಹೇಗೆ ಅನ್ನುವುದನ್ನೇ ಇಲ್ಲಿ ಬಿಡಿಸಿ ಹೇಳುತ್ತೇನೆ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದ ಕಡೆಯಿಂದ ಮೈಸೂರಿಗೋ ಬೆಂಗಳೂರಿಗೋ ಮೊದಲ ಕೆಲಸಕ್ಕೆ ಹೊರಟವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು ಇದು. ಹಾಗಾಗಿ ನಮ್ಮ ಕಡೆಯ ಬೆಳಗಿನ ಬಸ್ಸು, ದೂಳು, ಬೋರ್‌ವೆಲ್ ನೀರು ಮೂರೂ ಲೆಕ್ಕದಲ್ಲಿವೆ.

ಕೈ ಎಲ್ಲಿಗೆ ಹೋಗುತ್ತದೆ, ನೋಡಿ

ಸಂದರ್ಶನದಲ್ಲಿ ನೀವು ಮೇಜಿನ ಈಚೆ ಕೂತಿರುತ್ತೀರಿ. ಎದುರಿಗಿರುವವರಿಗೆ ಕಾಣುವುದು ನಿಮ್ಮ ಮುಖ, ಕಾಲರು, ಭುಜ, ಎದೆಯ ಮೇಲಿನ ಗುಂಡಿಗಳು, ಮೇಜಿನ ಮೇಲಿಟ್ಟ ಕೈ. ಶರ್ಟಿನ ಬೆಲೆ ಅಲ್ಲಿಂದ ಯಾರಿಗೂ ಕಾಣುವುದಿಲ್ಲ. ಆದರೆ ಬಟ್ಟೆ ನಿಮಗೆ ಹೊಂದಿಲ್ಲದಿದ್ದರೆ ಅದು ಕೂಡಲೇ ಕಾಣುತ್ತದೆ, ಯಾಕೆಂದರೆ ನಿಮ್ಮ ಕೈಯೇ ಅದನ್ನು ತೋರಿಸಿಕೊಡುತ್ತದೆ. ಕಾಲರು ಬಿಗಿಯಾದರೆ ಬೆರಳು ಕುತ್ತಿಗೆಗೆ ಹೋಗುತ್ತದೆ. ಶರ್ಟು ಗಿಡ್ಡವಾದರೆ ಹಿಂದಕ್ಕೆ ಕೈ ಹಾಕಿ ಪ್ಯಾಂಟಿನೊಳಗೆ ತುರುಕುತ್ತೀರಿ. ದುಪಟ್ಟಾ ಜಾರಿದರೆ ಪ್ರತಿ ಉತ್ತರದ ಮಧ್ಯೆ ಅದನ್ನು ಭುಜಕ್ಕೆ ಎಳೆದುಕೊಳ್ಳುತ್ತೀರಿ. ಕೇಳಿದ ಪ್ರಶ್ನೆಯಲ್ಲಿರಬೇಕಾದ ಗಮನದಲ್ಲಿ ಒಂದು ಪಾಲು ಬಟ್ಟೆಗೇ ಹೋಗಿಬಿಡುತ್ತದೆ.

ಆದ್ದರಿಂದ ನಾನು ಹೇಳುವ ಪರೀಕ್ಷೆ ಒಂದೇ. ಸಂದರ್ಶನಕ್ಕೆ ಹಾಕಿಕೊಳ್ಳುವುದನ್ನೆಲ್ಲ, ಶೂ ಸಮೇತ, ಮನೆಯಲ್ಲೇ ಒಂದು ಸಲ ಹಾಕಿಕೊಳ್ಳಿ. ಕುರ್ಚಿಯ ಮೇಲೆ ಅರ್ಧ ಗಂಟೆ ಕೂತು ತಂಗಿಯನ್ನೋ ಗೆಳೆಯನನ್ನೋ ಎದುರಿಗೆ ಕೂರಿಸಿಕೊಂಡು ಮಾತಾಡಿ. ಕೈ ಬಟ್ಟೆಗೆ ಎಷ್ಟು ಸಲ ಹೋಯಿತು, ಎಲ್ಲಿಗೆ ಹೋಯಿತು ಅಂತ ಅವರು ಎಣಿಸಲಿ. ಕೈ ಹೋದ ಜಾಗದಲ್ಲೇ ದೋಷವಿದೆ. ಅದನ್ನು ಟೈಲರಿಗೆ ತೋರಿಸಿ. ಈ ಪರೀಕ್ಷೆಗೆ ಖರ್ಚಿಲ್ಲ, ಆದರೆ ಸಂದರ್ಶನದ ಹಿಂದಿನ ರಾತ್ರಿ ಮಾಡಿದರೆ ಉಪಯೋಗವೂ ಇಲ್ಲ. ಸರಿಪಡಿಸಲು ಮೂರು ನಾಲ್ಕು ದಿನವಾದರೂ ಕೈಯಲ್ಲಿರಬೇಕು.

ಕೊಳ್ಳುವಾಗ

1. ಮೊದಲು ಭುಜ. ರೆಡಿಮೇಡ್ ಶರ್ಟು ಕೊಳ್ಳುವವರು ಸಾಮಾನ್ಯವಾಗಿ ಹೊಟ್ಟೆಯ ಸುತ್ತಳತೆ ನೋಡಿ ಸೈಜ್ ಆರಿಸುತ್ತಾರೆ. ತಪ್ಪು ಆಗುವುದೇ ಅಲ್ಲಿ. ಶರ್ಟಿನ ಮೈ ದೊಗಳೆಯಾಗಿದ್ದರೆ ಎರಡೂ ಪಕ್ಕದ ಹೊಲಿಗೆಯನ್ನು ಒಳಕ್ಕೆ ತಗೊಂಡು ಯಾವ ಟೈಲರ್ ಬೇಕಾದರೂ ಅರ್ಧ ಗಂಟೆಯಲ್ಲಿ ಸರಿಮಾಡಿಕೊಡುತ್ತಾನೆ. ತೋಳು ಉದ್ದವಾಗಿದ್ದರೆ ಕಫ್ ಬಿಚ್ಚಿ ಮೇಲಕ್ಕೆ ಕೂರಿಸಬಹುದು. ಭುಜ ಸರಿಯಿಲ್ಲದಿದ್ದರೆ ಮಾತ್ರ ತೋಳನ್ನೇ ಕಳಚಿ, ಕಂಕುಳ ಕೊರೆದು, ಮತ್ತೆ ಕೂರಿಸಬೇಕು. ಅಷ್ಟು ಕೆಲಸಕ್ಕೆ ಕೊಡುವ ದುಡ್ಡಿನಲ್ಲಿ ಹೊಸ ಶರ್ಟೇ ಹೊಲಿಸಬಹುದು. ನಮ್ಮೂರಿನ ಟೈಲರ್ ಒಬ್ಬರು ನನ್ನ ಅಕ್ಕನ ಮಗನಿಗೆ ಹೇಳಿದ್ದೂ ಇದನ್ನೇ: "ಭುಜ ಒಂದು ಸರಿಯಾಗಿರೋದು ತಗೊಂಬಾ ಕಣಪ್ಪ, ಮಿಕ್ಕಿದ್ದು ನಾನು ನೋಡ್ಕೋತೀನಿ."

ಭುಜ ಸರಿಯಿದೆಯೋ ಇಲ್ಲವೋ ತಿಳಿಯುವುದು ಸುಲಭ. ಕೈ ಇಳಿಬಿಟ್ಟು ನಿಲ್ಲಿ. ತೋಳು ಸೇರುವ ಹೊಲಿಗೆ ನಿಮ್ಮ ಭುಜದ ಮೂಳೆಯ ತುದಿಯ ಮೇಲೆ ಬರಬೇಕು. ಅಲ್ಲಿಂದ ಕೆಳಗೆ ತೋಳಿನ ಮೇಲೆ ಜಾರಿದ್ದರೆ ಸೈಜ್ ದೊಡ್ಡದು, ಅಣ್ಣನ ಶರ್ಟು ಎರವಲು ತಂದ ಹಾಗೆ ಕಾಣುತ್ತದೆ. ಮೂಳೆಯ ಒಳಗಡೆ ಕುತ್ತಿಗೆಯ ಕಡೆಗೆ ಬಂದಿದ್ದರೆ ಚಿಕ್ಕದು, ಕೈ ಎತ್ತಿದಾಗ ಇಡೀ ಶರ್ಟು ಪ್ಯಾಂಟಿನಿಂದ ಹೊರಗೆ ಬರುತ್ತದೆ. ಆಮೇಲೆ ಕಾಲರಿನ ಗುಂಡಿ ಹಾಕಿ, ಒಳಗೆ ಎರಡು ಬೆರಳು ಸಲೀಸಾಗಿ ಹೋಗಬೇಕು. ಕೊನೆಗೆ ಕೂತು ನೋಡಿ. ಎದೆಯ ಬಳಿ ಎರಡು ಗುಂಡಿಗಳ ನಡುವೆ ಬಟ್ಟೆ ಬಾಯಿ ಬಿಟ್ಟರೆ ಆ ಶರ್ಟು ಬೇಡ. ನಿಂತಾಗ ಇದು ಗೊತ್ತಾಗುವುದಿಲ್ಲ, ಅದಕ್ಕೇ ಅಂಗಡಿಯಲ್ಲಿ ಸ್ಟೂಲು ಕೇಳಿ ಕೂರಿ, ಸಂಕೋಚ ಬೇಡ.

2. ಆಮೇಲೆ ಬಟ್ಟೆಯ ಗುಣ. ಪೂರ್ತಿ ಹತ್ತಿಯ ಶರ್ಟು ಮೈಗೆ ಹಿತ, ಆದರೆ ಎರಡು ಗಂಟೆ ಬಸ್ಸಿನಲ್ಲಿ ಕೂತು ಇಳಿಯುವಷ್ಟರಲ್ಲಿ ಬೆನ್ನೆಲ್ಲ ಸುಕ್ಕು. ಪೂರ್ತಿ ಪಾಲಿಯೆಸ್ಟರ್ ಸುಕ್ಕಾಗುವುದಿಲ್ಲ, ಆದರೆ ಬೆವರನ್ನು ಹೀರುವುದಿಲ್ಲ, ಒಂದು ಸಲ ಹಿಡಿದ ಬೆವರಿನ ವಾಸನೆಯನ್ನು ಒಗೆದರೂ ಸುಲಭವಾಗಿ ಬಿಡುವುದಿಲ್ಲ. ದೂರದಿಂದ ಹೋಗುವವರಿಗೆ ಇವೆರಡೂ ಬೆರೆತ ಬಟ್ಟೆ ಒಳ್ಳೆಯದು, ಅದರಲ್ಲೂ ಹತ್ತಿಯ ಪಾಲು ಅರ್ಧಕ್ಕಿಂತ ಹೆಚ್ಚಿರುವಂಥದ್ದು. ಒಳಗಿನ ಚೀಟಿಯಲ್ಲಿ ಶೇಕಡಾವಾರು ಬರೆದಿರುತ್ತಾರೆ. ಚೀಟಿ ಇಲ್ಲದಿದ್ದರೆ ಶರ್ಟಿನ ತುದಿಯನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದು ಹತ್ತು ಎಣಿಸಿ ಬಿಡಿ. ಚೂಪಾದ ಗೆರೆಗಳು ಹಾಗೇ ನಿಂತರೆ ಬಸ್ಸಿನಲ್ಲೂ ಹಾಗೇ ಆಗುತ್ತದೆ. ಮೀಟರ್ ಲೆಕ್ಕದಲ್ಲಿ ಬಟ್ಟೆ ತಗೊಳ್ಳುವವರು ಅಂಚಿನ ಒಂದು ಎಳೆಯನ್ನು ಮನೆಯಲ್ಲಿ ಸುಟ್ಟೂ ನೋಡಬಹುದು. ಹತ್ತಿಯಾದರೆ ಕಾಗದ ಸುಟ್ಟ ವಾಸನೆ, ಮೆತ್ತನೆಯ ಬೂದಿ. ಪಾಲಿಯೆಸ್ಟರ್ ಆದರೆ ಕರಗಿ ಗಟ್ಟಿ ಗಂಟಾಗುತ್ತದೆ.

3. ಪ್ಯಾಂಟು ಹೊಲಿಸಿ. ಶರ್ಟಿಗೆ ರೆಡಿಮೇಡ್ ಸಾಕು, ಪ್ಯಾಂಟಿಗೆ ನಮ್ಮ ಪೇಟೆಗಳ ಟೈಲರೇ ವಾಸಿ ಅನ್ನುವುದು ನನ್ನ ಅಭಿಪ್ರಾಯ. ತೆಳ್ಳಗಿರುವ ಹುಡುಗರಿಗೆ ಸೊಂಟಕ್ಕೆ ಸರಿಯಾದ ರೆಡಿಮೇಡ್ ಪ್ಯಾಂಟು ತೊಡೆಗೆ ಬಿಗಿ, ತೊಡೆಗೆ ಸರಿಯಾದದ್ದು ಸೊಂಟಕ್ಕೆ ಸಡಿಲ. 58 ಇಂಚು ಪನ್ನದ ಬಟ್ಟೆಯಾದರೆ ಸಾಮಾನ್ಯ ಎತ್ತರದವರಿಗೆ ಒಂದೂಕಾಲು ಮೀಟರ್ ಸಾಕು. ಸೊಂಟದ ಹಿಂಬದಿಯಲ್ಲೂ ಕಾಲಿನ ತುದಿಯಲ್ಲೂ ಒಂದೂವರೆ ಇಂಚು ಬಟ್ಟೆ ಒಳಗೆ ಬಿಡಿ ಅಂತ ಕೇಳಿಕೊಳ್ಳಿ. ಕೆಲಸಕ್ಕೆ ಸೇರಿ ಕೂತು ಮಾಡುವ ಕೆಲಸ ಆರು ತಿಂಗಳಾದರೆ ಕೆಲವರಿಗೆ ಸೊಂಟ ಸ್ವಲ್ಪ ಹೆಚ್ಚಬಹುದು, ಆಗ ಅದೇ ಪ್ಯಾಂಟನ್ನು ಬಿಚ್ಚಿ ಹೊಲಿಸಬಹುದು. ಉದ್ದದ ಅಳತೆ ಕೊಡುವಾಗ ಕಚೇರಿಗೆ ಹಾಕುವ ಶೂ ಹಾಕಿಕೊಂಡೇ ಅಳತೆ ಕೊಡಿ. ಚಪ್ಪಲಿಯಲ್ಲಿ ಕೊಟ್ಟ ಅಳತೆ ಶೂಗೆ ಕೂರುವುದಿಲ್ಲ.

4. ಬಣ್ಣ. ಶರ್ಟಿಗೆ ತಿಳಿ ನೀಲಿ ಅಥವಾ ಬಿಳಿ, ಪ್ಯಾಂಟಿಗೆ ಗಾಢ ಬೂದು ಅಥವಾ ನೇವಿ ನೀಲಿ. ಕಪ್ಪು ಪ್ಯಾಂಟು ಎಲ್ಲದಕ್ಕೂ ಹೊಂದುತ್ತದೆ ಅನ್ನುತ್ತಾರೆ. ನಿಜ, ಆದರೆ ನಮ್ಮ ಕೆಂಪು ಮಣ್ಣಿನ ದೂಳು ಕಪ್ಪಿನ ಮೇಲೆ ಕಂಡಷ್ಟು ಬೇರೆ ಯಾವುದರ ಮೇಲೂ ಕಾಣುವುದಿಲ್ಲ. ಬೂದು ಬಣ್ಣ ಅದನ್ನು ಮುಚ್ಚಿಕೊಳ್ಳುತ್ತದೆ, ಬಿಳಿ, ನೀಲಿ ಶರ್ಟುಗಳೆರಡಕ್ಕೂ ಹೊಂದುತ್ತದೆ. ಒಂದೇ ಪ್ಯಾಂಟು ಕೊಳ್ಳುವ ಶಕ್ತಿಯಿದ್ದರೆ ಬೂದು ಬಣ್ಣದ್ದನ್ನೇ ತಗೊಳ್ಳಿ.

5. ಶೂ. ಸಂಜೆ ಹೊತ್ತು ಕೊಳ್ಳಿ, ದಿನವೆಲ್ಲ ಓಡಾಡಿದ ಕಾಲು ಸ್ವಲ್ಪ ಊದಿರುತ್ತದೆ. ಬೆಳಿಗ್ಗೆ ಸರಿಯಾಗಿ ಕೂತ ಶೂ ಮಧ್ಯಾಹ್ನ ಕಚ್ಚುತ್ತದೆ. ಕಾಲುಚೀಲ ಹಾಕಿಕೊಂಡು ನೋಡಿ, ಹೆಬ್ಬೆರಳಿನ ಮುಂದೆ ಅರ್ಧ ಇಂಚಿನಷ್ಟು ಜಾಗ ಬಿಟ್ಟಿರಲಿ. ಸಂದರ್ಶನಕ್ಕೆ ಮೊದಲು ನಾಲ್ಕೈದು ದಿನ ದಿನಕ್ಕೊಂದು ಗಂಟೆ ಮನೆಯೊಳಗೇ ಹಾಕಿ ಓಡಾಡಿ. ಹೊಸ ಶೂನಲ್ಲಿ ನೇರವಾಗಿ ಹೊರಟರೆ ಮೈಸೂರು ಬಸ್ ನಿಲ್ದಾಣ ದಾಟುವಷ್ಟರಲ್ಲಿ ಹಿಮ್ಮಡಿಯಲ್ಲಿ ಬೊಬ್ಬೆ ಎದ್ದಿರುತ್ತದೆ.

ಮೂರು ಸಾವಿರದ ಲೆಕ್ಕ

ಅಕ್ಕನ ಮಗ ಖರ್ಚು ಮಾಡಿದ್ದು ಹೀಗೆ. ಒಂದೂಕಾಲು ಮೀಟರ್ ಬೂದು ಪ್ಯಾಂಟ್ ಬಟ್ಟೆಗೆ 440 ರೂಪಾಯಿ, ಹೊಲಿಗೆಗೆ 450. ತಿಳಿ ನೀಲಿ ರೆಡಿಮೇಡ್ ಶರ್ಟಿಗೆ 650, ಪಕ್ಕ ಹಿಡಿಸಿದ್ದಕ್ಕೆ 60. ಕಪ್ಪು ಶೂಗೆ 900. ಬೆಲ್ಟು, ಎರಡು ಜೊತೆ ಕಾಲುಚೀಲ ಸೇರಿ 250. ಕ್ಷೌರಕ್ಕೆ 100. ಒಟ್ಟು 2,850. ಉಳಿದ 150ರಲ್ಲಿ ಇಸ್ತ್ರಿ, ಒಂದು ಪೊಟ್ಟಣ ಪಾಲಿಶ್, ಬಸ್ಸಿನ ಚಾರ್ಜು. ನಿಮ್ಮ ಪೇಟೆಯಲ್ಲಿ ಬೆಲೆ ಸ್ವಲ್ಪ ಆಚೀಚೆ ಇರಬಹುದು, ದುಡ್ಡು ಹಂಚಿದ ರೀತಿಯನ್ನು ಮಾತ್ರ ಗಮನಿಸಿ. ಅವನು ಶರ್ಟಿಗೆ ಹಾಕಬೇಕೆಂದಿದ್ದ 1,500 ರೂಪಾಯಿಯಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲನ್ನು ಶೂಗೂ ಹೊಲಿಗೆಗೂ ತಿರುಗಿಸಿದೆವು. ಶರ್ಟು ಹಳತಾದರೆ ಬದಲಿಸಬಹುದು, ಶೂ ಮತ್ತು ಪ್ಯಾಂಟು ಮೊದಲ ಆರು ತಿಂಗಳ ಆಫೀಸನ್ನೂ ತೂಗಿಸಬೇಕು.

ದುಡ್ಡು ಇನ್ನೂ ಕಡಿಮೆಯಿದ್ದರೆ ಶರ್ಟನ್ನು ಅಣ್ಣನಿಂದಲೋ ಗೆಳೆಯನಿಂದಲೋ ಎರವಲು ತನ್ನಿ, ಅದರಲ್ಲಿ ಅವಮಾನವೇನಿಲ್ಲ. ಆದರೆ ಭುಜದ ಅಳತೆ ಹೊಂದುವವರ ಹತ್ತಿರವೇ ಕೇಳಿ. ಶೂ ಮಾತ್ರ ಎರವಲು ಬೇಡ. ಇನ್ನೊಬ್ಬರ ಕಾಲಿಗೆ ಪಳಗಿದ ಶೂ ನಿಮ್ಮ ನಡಿಗೆಯನ್ನೇ ಬದಲಿಸಿಬಿಡುತ್ತದೆ.

ಹೆಣ್ಣುಮಕ್ಕಳಿಗೆ

ಸೀರೆಯೋ ಚೂಡಿದಾರೋ ಅನ್ನುವ ಪ್ರಶ್ನೆಗೆ ನನ್ನ ಉತ್ತರ: ನೀವು ಯಾವುದನ್ನು ಹಾಕಿಕೊಂಡು ಓಡಿ ಬಸ್ ಹತ್ತಬಲ್ಲಿರೋ ಅದು. ವರ್ಷಕ್ಕೆ ಎರಡು ಸಲ ಹಬ್ಬಕ್ಕೆ ಮಾತ್ರ ಸೀರೆ ಉಡುವ ಹುಡುಗಿ ಸಂದರ್ಶನಕ್ಕೆ ಸೀರೆ ಉಟ್ಟರೆ ಅವಳ ಕೈ ಸೆರಗನ್ನು ಬಿಟ್ಟು ಬರುವುದೇ ಇಲ್ಲ. ಶಾಲೆಯ ಕೆಲಸಕ್ಕೆ ಸೀರೆಯೇ ಬೇಕು ಅಂದಿದ್ದರೆ ಸುಮ್ಮನೆ ಒಂದು ವಾರ ಮನೆಯಲ್ಲಿ ಉಟ್ಟು ಅಭ್ಯಾಸ ಮಾಡಿಕೊಳ್ಳಿ.

ಮಂಡಿ ಮುಟ್ಟುವ ಸಾದಾ ಕುರ್ತಾ, ನೇರವಾದ ಪ್ಯಾಂಟು, ದುಪಟ್ಟಾ ಇದ್ದರೆ ಬೇಕಾದಷ್ಟಾಯಿತು. ದುಪಟ್ಟಾವನ್ನು ಒಂದೇ ಭುಜಕ್ಕೆ ಮಡಿಕೆ ಮಾಡಿ ಪಿನ್ ಹಾಕಿ, ಪಿನ್ನಿನ ಮುಳ್ಳು ಒಳಗಡೆ ಬಟ್ಟೆಯ ಎರಡು ಪದರ ಹಿಡಿದಿರಲಿ. ಒಂದೇ ಪದರ ಹಿಡಿದರೆ ಬಸ್ಸಿನ ನೂಕುನುಗ್ಗಲಿನಲ್ಲಿ ಬಟ್ಟೆ ಹರಿಯುತ್ತದೆ. ತಿಳಿ ಬಣ್ಣದ ಕುರ್ತಾ ಆದರೆ ಕೊಳ್ಳುವ ಮುಂಚೆ ಅಂಗಡಿಯ ಬಾಗಿಲಿಗೆ ಬಂದು ಬಟ್ಟೆಯೊಳಗೆ ಕೈಯಿಟ್ಟು ಬಿಸಿಲಿಗೆ ಹಿಡಿಯಿರಿ. ಬೆರಳು ಒಂದೊಂದೂ ಎಣಿಸುವ ಹಾಗೆ ಕಂಡರೆ ಲೈನಿಂಗ್ ಬೇಕು.

ನಾಗಮಂಗಲದ ಕಡೆಯ ನಮ್ಮ ನೆಂಟರ ಹುಡುಗಿಯೊಬ್ಬಳು ಬೆಂಗಳೂರಿನ ಸಂದರ್ಶನಕ್ಕೆಂದು ರೇಯಾನ್ ಕುರ್ತಾ ತಂದಳು. ಚೆನ್ನಾಗಿ ಇಳಿಬೀಳುವ, ಕಡಿಮೆ ಬೆಲೆಯ ಬಟ್ಟೆ ಅದು. ತಂದ ದಿನವೇ ಪಕ್ಕ ಹಿಡಿಸಿ, ಉದ್ದ ಕಡಿಮೆ ಮಾಡಿಸಿ, ಆಮೇಲೆ ಒಗೆದಳು. ಒಂದೂವರೆ ಇಂಚು ಕುಗ್ಗಿ, ತೋಳು ಬಿಗಿಯಾಗಿ, ಹಾಕಲಾರದ ಹಾಗಾಯಿತು. ರೇಯಾನ್ ಎಳೆ ನೀರು ಕುಡಿದು ಉಬ್ಬುತ್ತದೆ, ಒಣಗುವಾಗ ಗಿಡ್ಡವಾಗಿ ಕೂರುತ್ತದೆ. ಹತ್ತಿಯೂ ಮೊದಲ ಒಗೆತದಲ್ಲಿ ಸ್ವಲ್ಪ ಕುಗ್ಗುತ್ತದೆ. ಆದ್ದರಿಂದ ರೆಡಿಮೇಡ್ ಆದರೂ ಪೀಸ್ ಆದರೂ ಮೊದಲು ತಣ್ಣೀರಿನಲ್ಲಿ ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಿ, ಆಮೇಲೆ ಟೈಲರ್ ಕೈಗೆ ಕೊಡಿ. ಈ ಒಂದು ದಿನ ಉಳಿಸಲು ಹೋಗಿ ಎಷ್ಟೋ ಜನ ಬಟ್ಟೆಯನ್ನೇ ಕಳೆದುಕೊಂಡಿದ್ದಾರೆ.

ಗಾಜಿನ ಬಳೆ ಮೇಜಿಗೆ ತಾಗಿದಾಗಲೆಲ್ಲ ಸದ್ದಾಗುತ್ತದೆ, ಆ ದಿನಕ್ಕೆ ಒಂದೊಂದು ಲೋಹದ ಬಳೆ ಸಾಕು. ಮಲ್ಲಿಗೆ ಮುಡಿಯುವುದು ನಮ್ಮ ಕಡೆ ದಿನನಿತ್ಯದ ಮಾತು, ಆಫೀಸಿಗೂ ಮುಡಿದು ಹೋಗಿ. ಬಾಗಿಲು ಮುಚ್ಚಿದ ಏಸಿ ಕೋಣೆಯಲ್ಲಿ ಅರ್ಧ ಗಂಟೆ ಕೂರುವ ಸಂದರ್ಶನಕ್ಕೆ ಮಾತ್ರ ಬೇಡ, ವಾಸನೆ ಗಾಢವಾಗುತ್ತದೆ. ಸೆಂಟಿಗೂ ಇದೇ ಮಾತು ಅನ್ವಯ. ಹಣೆಯ ಕುಂಕುಮ, ವಿಭೂತಿ, ಕೈಗೆ ಕಟ್ಟಿದ ದೇವಸ್ಥಾನದ ದಾರ ತೆಗೆಯಬೇಕೇ ಅಂತ ಕೇಳುವವರಿದ್ದಾರೆ. ತೆಗೆಯಬೇಕಿಲ್ಲ. ದಾರ ಕೊಳೆಯಾಗಿದ್ದರೆ ಬದಲಿಸಿ, ಅಷ್ಟೆ.

ಬೋರ್ ನೀರು ಮತ್ತು ಬಿಳಿ ಶರ್ಟು

ಶ್ರೀರಂಗಪಟ್ಟಣದವರಿಗೆ ಕಾವೇರಿ ಪಕ್ಕದಲ್ಲೇ ಇದೆ, ಪಾಂಡವಪುರದ ಎಷ್ಟೋ ಊರಿಗೆ ವಿಶ್ವೇಶ್ವರಯ್ಯ ನಾಲೆ ಇದೆ. ಬೋರ್‌ವೆಲ್ಲನ್ನೇ ನಂಬಿದ ಊರುಗಳ ಪಾಡು ಬೇರೆ. ಅಲ್ಲಿನ ನೀರಿಗೆ ಸೋಪು ತಿಕ್ಕಿದರೆ ನೊರೆ ಬರುವುದಿಲ್ಲ, ಬಿಳಿ ಬಟ್ಟೆ ಹತ್ತು ಸಲ ಒಗೆಯುವಷ್ಟರಲ್ಲಿ ಬೂದುಬಣ್ಣಕ್ಕೆ ತಿರುಗುತ್ತದೆ. ಗಡಸು ನೀರಿನಲ್ಲಿರುವ ಸುಣ್ಣದ ಅಂಶ ಸೋಪಿನ ಜೊತೆ ಸೇರಿ ಜಿಗುಟು ಕಿಟ್ಟವಾಗಿ ಎಳೆಗಳ ನಡುವೆ ಕೂರುವುದೇ ಇದಕ್ಕೆ ಕಾರಣ. ಬಟ್ಟೆ ಕೊಳೆಯಾಗಿದೆ ಅಂತ ಇನ್ನಷ್ಟು ಸೋಪು ತಿಕ್ಕಿದರೆ ಕಿಟ್ಟ ಇನ್ನಷ್ಟು ಹೆಚ್ಚುತ್ತದೆ.

ಹೀಗಾಗಿ ಆಫೀಸಿನ ಬಟ್ಟೆಗೆ ಬಾರ್ ಸೋಪು ಬಿಟ್ಟು ಡಿಟರ್ಜೆಂಟ್ ಪುಡಿ ಬಳಸಿ, ಅದು ಗಡಸು ನೀರಿನಲ್ಲೂ ಕಿಟ್ಟ ಕಟ್ಟುವುದು ಕಡಿಮೆ. ಕೊನೆಯ ಜಾಲಿಸುವಿಕೆಗೆ ಒಂದು ಬಕೆಟ್ ಮಳೆನೀರೋ ನದಿ ನೀರೋ ಸಿಕ್ಕರೆ ಅದರಲ್ಲಿ ಜಾಲಿಸಿ. ಸಿಗದಿದ್ದರೆ ಬಕೆಟ್ಟಿಗೆ ಎರಡು ಚಮಚ ಬಿಳಿ ವಿನೆಗರ್ ಹಾಕಿ ಜಾಲಿಸಿದರೂ ಕೂತ ಕಿಟ್ಟ ಸಡಿಲವಾಗುತ್ತದೆ. ನೀಲಿ ಹಾಕುವುದಾದರೆ ಮೊದಲು ನೀರಿನಲ್ಲಿ ಪೂರ್ತಿ ಕದಡಿ, ಆಮೇಲೆ ಬಟ್ಟೆ ಅದ್ದಿ.

ಎಚ್ಚರಿಕೆ: ಬಿಳಿ ಶರ್ಟು ಹಳದಿಯಾಯಿತು ಅಂತ ಬ್ಲೀಚಿಂಗ್ ಹಾಕಬೇಡಿ. ನೀರಿನಲ್ಲಿ ಕಬ್ಬಿಣದ ಅಂಶವಿದ್ದರೆ ಬ್ಲೀಚ್ ಅದನ್ನು ತುಕ್ಕಿನ ಕಲೆಯಾಗಿ ಬಟ್ಟೆಯ ಮೇಲೇ ಕೂರಿಸುತ್ತದೆ. ಇಷ್ಟು ತಲೆನೋವು ಬೇಡ ಅನ್ನುವವರು ತಿಳಿ ನೀಲಿ ಶರ್ಟಿಗೇ ಹೋಗಿ. ನಾನು ಅಕ್ಕನ ಮಗನಿಗೆ ಬಿಳಿ ಬಿಟ್ಟು ನೀಲಿ ಕೊಡಿಸಿದ್ದೂ ಅದಕ್ಕೇ.

ತೋಟದ ಮನೆಯವರಿಗೆ ಇನ್ನೊಂದು ಮಾತು. ಬಾಳೆಯ ಕರೆ, ಎಳನೀರಿನ ಕರೆ ಬಟ್ಟೆಗೆ ಬಿದ್ದಾಗ ಕಾಣುವುದಿಲ್ಲ, ಮಾರನೆಯ ದಿನ ಕಂದು ಬಣ್ಣಕ್ಕೆ ತಿರುಗಿ ಆಮೇಲೆ ಹೋಗುವುದೇ ಇಲ್ಲ. ಸಂದರ್ಶನದ ಬಟ್ಟೆ ಹಾಕಿಕೊಂಡು ದಾರಿಯಲ್ಲಿ ಎಳನೀರು ಕುಡಿಯುವುದಾದರೆ ಸ್ಟ್ರಾ ಕೇಳಿ, ಹನಿ ಬಿದ್ದರೆ ಆಗಲೇ ನೀರಿನಲ್ಲಿ ತೊಳೆಯಿರಿ.

ಮೈ, ಕೂದಲು, ಉಗುರು

ಕ್ಷೌರ ಸಂದರ್ಶನದ ಹಿಂದಿನ ದಿನ ಬೇಡ, ನಾಲ್ಕೈದು ದಿನ ಮುಂಚೆ ಮಾಡಿಸಿ. ಬಿಸಿಲಿನಲ್ಲಿ ಓಡಾಡುವವರಿಗೆ ಕತ್ತಿನ ಹಿಂದೆ, ಕಿವಿಯ ಸುತ್ತ ಕೂದಲು ಮುಚ್ಚಿದ್ದ ಚರ್ಮ ಬೆಳ್ಳಗಿರುತ್ತದೆ. ಹೊಸದಾಗಿ ಕತ್ತರಿಸಿದ ದಿನ ಆ ಬಿಳಿ ಗೆರೆ ಎದ್ದು ಕಾಣುತ್ತದೆ, ನಾಲ್ಕು ದಿನದಲ್ಲಿ ಕೂಡಿಕೊಳ್ಳುತ್ತದೆ. ಗಡ್ಡ ಬಿಡುವುದಾದರೆ ಬಿಡಿ, ಆದರೆ ಕುತ್ತಿಗೆಯ ಕಡೆಯ ಅಂಚು ತೀಡಿಸಿ. ಬೋಳಿಸುವುದಾದರೆ ಸ್ನಾನವಾದ ಮೇಲೆ, ಕೂದಲು ಮೆತ್ತಗಾದಾಗ, ಹೊಸ ಬ್ಲೇಡಿನಲ್ಲಿ. ಕೆಂಪು ಗುಳ್ಳೆ ಏಳುವ ಚರ್ಮದವರು ಹಿಂದಿನ ಸಂಜೆಯೇ ಮುಗಿಸಿಕೊಳ್ಳಿ. ಹುಬ್ಬು ತೀಡಿಸುವುದೂ ಎರಡು ದಿನ ಮೊದಲೇ ಆಗಲಿ. ಮುಖಕ್ಕೆ ಹಿಂದೆಂದೂ ಹಚ್ಚದ ಕ್ರೀಮು, ಬ್ಲೀಚು, ಫೇಶಿಯಲ್ಲು ಆ ವಾರ ಪೂರ್ತಿ ಬೇಡವೇ ಬೇಡ. ಚರ್ಮ ಒಗ್ಗದೆ ಊದಿಕೊಂಡರೆ ಇಳಿಯಲು ದಿನಗಳೇ ಬೇಕು.

ತಲೆಗೆ ಎಣ್ಣೆ ಹಚ್ಚುವವರು ಹಿಂದಿನ ರಾತ್ರಿ ಹಚ್ಚಿ ಬೆಳಿಗ್ಗೆ ತೊಳೆದುಕೊಳ್ಳಿ. ಹಚ್ಚಿ ಹಾಗೇ ಹೊರಟರೆ ಬಿಸಿಲಿಗೆ ಎಣ್ಣೆ ಹಣೆಗೂ ಕಾಲರಿಗೂ ಇಳಿಯುತ್ತದೆ.

ಬೆವರಿನ ವಿಚಾರದಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. ಹೊಸ ಬೆವರಿಗೆ ಹೆಚ್ಚು ವಾಸನೆಯಿಲ್ಲ, ಚರ್ಮದ ಮೇಲಿನ ಬ್ಯಾಕ್ಟೀರಿಯಾ ಅದನ್ನು ಒಡೆದಾಗ ವಾಸನೆ ಹುಟ್ಟುತ್ತದೆ. ಅದಕ್ಕೇ ಮೇಲೆ ಸೆಂಟು ಸಿಂಪಡಿಸಿದರೆ ಎರಡೂ ಬೆರೆತು ಇನ್ನೂ ಕೆಡುತ್ತದೆ. ಕಂಕುಳನ್ನು ಸೋಪಿನಿಂದ ತೊಳೆದು ಪೂರ್ತಿ ಒಣಗಿಸಿ, ಒದ್ದೆ ಮಾಡಿದ ಪಟಿಕದ ತುಂಡನ್ನು ಒಮ್ಮೆ ಸವರಿ, ಅದು ಆರಿದ ಮೇಲೆ ಒಗೆದ ಬನಿಯನ್ ಹಾಕಿ. ಕ್ಷೌರದಂಗಡಿಯಲ್ಲಿ ಗಲ್ಲಕ್ಕೆ ಉಜ್ಜುವ ಪಟಿಕವೇ ಇದು, ಪೇಟೆಯ ದಿನಸಿ ಅಂಗಡಿಗಳಲ್ಲಿ ಕಡಿಮೆ ಬೆಲೆಗೆ ಸಿಗುತ್ತದೆ. ಬೋಳಿಸಿದ ತಕ್ಷಣದ ಚರ್ಮಕ್ಕೆ ಉರಿಯುತ್ತದೆ, ಕಾದು ಹಚ್ಚಿ.

ಗದ್ದೆ, ಆಲೆಮನೆ, ಕೊಟ್ಟಿಗೆ ಕೆಲಸ ಮಾಡಿದ ಕೈಯ ಉಗುರಿನ ಅಂಚು ಕಪ್ಪಾಗಿರುವುದು ಸಹಜ. ಉಗುರು ಕತ್ತರಿಸಿ, ಕೊಬ್ಬರಿ ಎಣ್ಣೆಗೆ ಚಿಟಿಕೆ ಸಕ್ಕರೆ ಬೆರೆಸಿ ಹಳೆ ಹಲ್ಲುಜ್ಜುವ ಬ್ರಷ್‌ನಲ್ಲಿ ಉಜ್ಜಿ, ಬಿಸಿನೀರಿನಲ್ಲಿ ತೊಳೆಯಿರಿ. ಮೂರು ರಾತ್ರಿ ಮಾಡಿದರೆ ಬಹುಪಾಲು ಹೋಗುತ್ತದೆ. ಅಂಗೈ ಒರಟಾಗಿದ್ದರೆ ಮುಚ್ಚಿಟ್ಟುಕೊಳ್ಳುವುದೇನೂ ಬೇಡ.

ಆ ದಿನದ ಪ್ರಯಾಣ

ಬೆಳಿಗ್ಗೆ 10 ಗಂಟೆಗೆ ಮೈಸೂರಿನಲ್ಲಿ ಇರಬೇಕಾದರೆ ಕೆ.ಆರ್. ಪೇಟೆಯವರು ಆರೂವರೆ, ಏಳರೊಳಗೆ ಬಸ್ ಹತ್ತಿರಬೇಕು. ಆ ಬಸ್ಸಿನಲ್ಲಿ ಸಂದರ್ಶನದ ಶರ್ಟು ಮೈಮೇಲೆ ಇರಬಾರದು. ಪ್ಯಾಂಟು, ಶೂ ಹಾಕಿಕೊಂಡು ಮೇಲೆ ಟೀ ಶರ್ಟಿನಲ್ಲಿ ಹೊರಡಿ. ಪ್ಯಾಂಟನ್ನು ದಾರಿಯಲ್ಲಿ ಬದಲಿಸಲು ಹೋಗಬೇಡಿ, ನಿಲ್ದಾಣದ ಶೌಚಾಲಯದ ಒದ್ದೆ ನೆಲಕ್ಕೆ ತಾಗಿ ಕಾಲಿನ ತುದಿ ನೆನೆಯುತ್ತದೆ. ಶರ್ಟು ಬದಲಿಸಲು ಎರಡು ನಿಮಿಷ ಸಾಕು. ಪಾಂಡವಪುರ, ಶ್ರೀರಂಗಪಟ್ಟಣದವರು ರೈಲಿನಲ್ಲಿ ಹೋಗುವುದು ಅನುಕೂಲ, ದೂಳು ಕಡಿಮೆ. ಪಾಂಡವಪುರ ಸ್ಟೇಷನ್ನು ಪೇಟೆಯಿಂದ ದೂರ, ಅಲ್ಲಿಗೆ ಬೈಕಿನಲ್ಲಿ ಹೋಗುವಾಗಲೂ ಟೀ ಶರ್ಟೇ ಇರಲಿ.

ಶರ್ಟು ಒಯ್ಯುವ ಬಗೆ ಹೀಗೆ. ಗುಂಡಿಗಳನ್ನೆಲ್ಲ ಹಾಕಿ, ಮುಖ ಕೆಳಗೆ ಮಾಡಿ ಹಾಸಿ, ಬೆನ್ನಿನ ಮೇಲೆ ಒಂದು ದಪ್ಪ ರಟ್ಟು ಇಟ್ಟು, ಎರಡೂ ಪಕ್ಕ ಅದರ ಮೇಲೆ ಮಡಚಿ, ಆಮೇಲೆ ಕೆಳಗಿನಿಂದ ಒಂದೇ ಸಲ ಮಡಚಿ. ಸ್ವಚ್ಛವಾದ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಬ್ಯಾಗಿನಲ್ಲಿ ಎಲ್ಲದಕ್ಕಿಂತ ಮೇಲೆ ಇಡಿ. ಸುದ್ದಿಪತ್ರಿಕೆಯಲ್ಲಿ ಸುತ್ತಬೇಡಿ, ಬಿಸಿಲಿಗೆ ಅದರ ಮಸಿ ತಿಳಿ ಬಣ್ಣಕ್ಕೆ ಹತ್ತುತ್ತದೆ. ಬ್ಯಾಗಿನಲ್ಲಿ ಒಂದು ಒಣ ಕರವಸ್ತ್ರ, ಒಂದು ಒದ್ದೆ ಬಟ್ಟೆ ಇರಲಿ. ಇಳಿದ ಮೇಲೆ ಒದ್ದೆ ಬಟ್ಟೆಯಲ್ಲಿ ಮುಖ, ಕುತ್ತಿಗೆ, ಆಮೇಲೆ ಶೂ ಒರೆಸಿ. ಹತ್ತು ನಿಮಿಷ ನೆರಳಿನಲ್ಲಿ ನಿಂತು ಬೆವರು ಆರಿದ ಮೇಲೆ ಶರ್ಟು ಹಾಕಿ. ಬೆವರಿರುವಾಗಲೇ ಹಾಕಿದರೆ ಬೆನ್ನು ಒದ್ದೆಯಾಗಿ ಅಂಟಿಕೊಳ್ಳುತ್ತದೆ, ಗಂಟೆಯಾದರೂ ಆರುವುದಿಲ್ಲ.

ಸಾಮಾನ್ಯವಾಗಿ ಆಗುವ ತಪ್ಪುಗಳು

ಮದುವೆಗೆ ಹೊಲಿಸಿದ ಸೂಟು, ಹೊಳೆಯುವ ಶರ್ಟು ಹಾಕುವುದು ಮೊದಲನೆಯದು. ಆ ಹೊಳಪು ಮಂಟಪದ ದೀಪಕ್ಕೆಂದು ಆರಿಸಿದ್ದು, ಆಫೀಸಿನ ಟ್ಯೂಬ್‌ಲೈಟಿಗೆ ಹೊಂದುವುದಿಲ್ಲ. ಕೋಟು ಎಲ್ಲ ಕೆಲಸಕ್ಕೂ ಬೇಕು ಅನ್ನುವುದು ಎರಡನೆಯದು. ನಮ್ಮ ಕಡೆಯ ಹುಡುಗರು ಹೋಗುವ ಹೆಚ್ಚಿನ ಸಂದರ್ಶನಗಳಿಗೆ ತುಂಬು ತೋಳಿನ ಶರ್ಟು ಸಾಕು. ಹೊಸ ಶರ್ಟಿನ ಕಾಲರಿನೊಳಗಿನ ಪ್ಲಾಸ್ಟಿಕ್ ಪಟ್ಟಿ, ತೋಳಿನ ಮೇಲಿನ ಕಂಪನಿಯ ಚೀಟಿ, ಶೂ ತಳದ ಬೆಲೆ ಚೀಟಿ ತೆಗೆಯಲು ಮರೆಯುವವರೂ ಕಡಿಮೆಯಿಲ್ಲ. ಇನ್ನು ಇಸ್ತ್ರಿ: ಪಾಲಿಯೆಸ್ಟರ್ ಬೆರೆತ ಗಾಢ ಬಣ್ಣದ ಪ್ಯಾಂಟನ್ನು ಕಾದ ಪೆಟ್ಟಿಗೆಯಲ್ಲಿ ಮೇಲಿನಿಂದ ಒತ್ತಿದರೆ ತೊಡೆಯ ಮೇಲೆ ಹೊಳಪಿನ ಪಟ್ಟೆ ಏಳುತ್ತದೆ, ಅದು ಹೋಗುವುದಿಲ್ಲ. ಒಳಗೆ ತಿರುಗಿಸಿ, ಇಲ್ಲವೇ ಮೇಲೆ ಒದ್ದೆ ಬಟ್ಟೆ ಹಾಸಿ ಇಸ್ತ್ರಿ ಮಾಡಿ ಅಂತ ಇಸ್ತ್ರಿಯವರಿಗೆ ಮೊದಲೇ ಹೇಳಿ.

ಸಂದರ್ಶನದ ಬಟ್ಟೆಯನ್ನೇ ಸರ್ಕಾರಿ ನೇಮಕಾತಿ ಪರೀಕ್ಷೆಗೂ ಹಾಕಿಕೊಂಡು ಹೋಗಿ ಬಾಗಿಲಲ್ಲಿ ಪರದಾಡುವುದು ಇತ್ತೀಚಿನ ತಪ್ಪು. ಬ್ಲೂಟೂತ್ ಅಕ್ರಮ ಬಯಲಾದ ಬಳಿಕ 2023ರ ನವೆಂಬರ್‌ನಲ್ಲಿ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಿಗಮ-ಮಂಡಳಿಗಳ ಹುದ್ದೆಗಳ ಪರೀಕ್ಷೆಗೆ ವಸ್ತ್ರಸಂಹಿತೆ ತಂದಿತು. ತುಂಬು ತೋಳಿನ ಶರ್ಟು, ಶೂ ನಿಷಿದ್ಧ, ಅರ್ಧ ತೋಳು, ತೆಳು ಅಟ್ಟೆಯ ಚಪ್ಪಲಿ ಸರಿ. ಹೆಣ್ಣುಮಕ್ಕಳಿಗೂ ತುಂಬು ತೋಳು, ಎತ್ತರದ ಹಿಮ್ಮಡಿಯ ಚಪ್ಪಲಿ ಬೇಡ, ಮಂಗಳಸೂತ್ರ, ಕಾಲುಂಗುರ ಬಿಟ್ಟು ಬೇರೆ ಒಡವೆಯೂ ಬೇಡ. ನಿಯಮ ಪರೀಕ್ಷೆಯಿಂದ ಪರೀಕ್ಷೆಗೆ ಬದಲಾಗಬಹುದು, ಪ್ರವೇಶಪತ್ರದ ಜೊತೆ ಬರುವ ಸೂಚನೆಯನ್ನು ಓದಿ ಹೊರಡಿ.

ಕೆಲಸ ಸಿಕ್ಕಿದ ಮೇಲೆ

ಮೊದಲ ತಿಂಗಳಿಗೆ ಮೂರು ಶರ್ಟು, ಎರಡು ಪ್ಯಾಂಟು ಇದ್ದರೆ ವಾರ ಕಳೆಯುತ್ತದೆ. ಬೂದು ಪ್ಯಾಂಟಿನ ಜೊತೆಗೆ ಒಂದು ನೇವಿ ನೀಲಿ ಪ್ಯಾಂಟು ಸೇರಿಸಿ, ಶರ್ಟು ತಿಳಿ ನೀಲಿ, ಬಿಳಿ, ಸಣ್ಣ ಚೌಕುಳಿಯದು ಒಂದೊಂದು. ಆರು ಜೋಡಿಯಾಯಿತು. ಒಂದು ದಿನ ಹಾಕಿದ ಶರ್ಟನ್ನು ಆ ಸಂಜೆಯೇ ಒಗೆದುಬಿಡಿ, ಬೆವರು ಒಣಗಿ ಕಾಲರಿನಲ್ಲಿ ಕೂತ ಮೇಲೆ ಹಳದಿ ಗೆರೆ ಬಿಡುವುದಿಲ್ಲ. ಪ್ಯಾಂಟನ್ನು ಎರಡು ಮೂರು ಸಲ ಹಾಕಿ ಒಗೆದರೆ ಸಾಕು. ಶೂ ಒಂದೇ ಜೊತೆ ಇದ್ದರೆ ರಾತ್ರಿ ಒಳಗೆ ಕಾಗದ ತುರುಕಿ ಗಾಳಿಗೆ ಇಡಿ, ಕಾಲುಚೀಲ ಮಾತ್ರ ದಿನವೂ ಬದಲಿಸಿ. ಉಳಿದದ್ದನ್ನೆಲ್ಲ ಒಂದು ತಿಂಗಳು ಆಫೀಸು ನೋಡಿದ ಮೇಲೆ ಕೊಳ್ಳಿ. ಜೊತೆಯವರು ಏನು ಹಾಕುತ್ತಾರೆ, ಯೂನಿಫಾರಂ ಕೊಡುತ್ತಾರೋ, ಶನಿವಾರ ಜೀನ್ಸಿಗೆ ಬಿಡುತ್ತಾರೋ ಅನ್ನುವುದು ಆಗ ತಿಳಿಯುತ್ತದೆ. ಯಂತ್ರಗಳಿರುವ ಕಾರ್ಖಾನೆಯಾದರೆ ದುಪಟ್ಟಾ, ದೊಗಳೆ ತೋಳು, ಕೈಯ ದಾರ ಯಂತ್ರಕ್ಕೆ ಸಿಕ್ಕಿಕೊಳ್ಳುವ ಅಪಾಯವಿದೆ, ಅಲ್ಲಿ ಆಫೀಸಿನ ರೂಢಿಗಿಂತ ಸುರಕ್ಷತೆಯ ಸೂಚನೆ ಮುಖ್ಯ.

ಎರಡನೆಯ ತಿಂಗಳಲ್ಲಿ ಒಂದು ಒಳ್ಳೆಯ ಹತ್ತಿ ಶರ್ಟು ಬೇಕೆನಿಸಿದರೆ ಮೇಲುಕೋಟೆಗೆ ಹೋಗಿಬನ್ನಿ. ಪಾಂಡವಪುರ ತಾಲ್ಲೂಕಿನ ಆ ಊರು ಪಂಚೆಗೆ ಹೆಸರಾದದ್ದು. ಸುರೇಂದ್ರ ಕೌಲಗಿಯವರು ಕಟ್ಟಿದ ಜನಪದ ಸೇವಾ ಟ್ರಸ್ಟ್ ಅಲ್ಲಿ ಖಾದಿ ನೇಯಿಸುತ್ತದೆ. ಖಾದಿ ಬೇಗ ಸುಕ್ಕಾಗುತ್ತದೆ, ಸಂದರ್ಶನದ ದಿನದ ದೂರದ ಪ್ರಯಾಣಕ್ಕೆ ತಕ್ಕದ್ದಲ್ಲ. ಆಫೀಸಿನ ಹತ್ತಿರವೇ ರೂಮು ಮಾಡಿಕೊಂಡ ಮೇಲೆ ಬೇಸಿಗೆಗೆ ಅದರಷ್ಟು ತಂಪು ಬೇರೆ ಇಲ್ಲ.

ಅಕ್ಕನ ಮಗ ಈಗ ಹೂಟಗಳ್ಳಿಯಲ್ಲಿ ರೂಮು ಮಾಡಿದ್ದಾನೆ. ಅವನ ಬ್ಯಾಗಿನಲ್ಲಿ ಒಂದು ಬೆಂಕಿಪೊಟ್ಟಣ ಇರುತ್ತದೆ, ಅದರೊಳಗೆ ಸೂಜಿ, ಬಿಳಿ ದಾರ, ಬೂದು ದಾರ, ಶರ್ಟಿನ ಒಳಗಡೆ ಕಂಪನಿಯವರೇ ಹೊಲಿದುಕೊಟ್ಟಿದ್ದ ಹೆಚ್ಚುವರಿ ಗುಂಡಿ. ನೀವೂ ಆ ಗುಂಡಿಯನ್ನು ಬಿಚ್ಚಿ ತೆಗೆದಿಟ್ಟುಕೊಳ್ಳಿ.